ಅಂಕಿ ಸರಿಯಿದೆ, ಅರ್ಥ ಎಲ್ಲಿ? ಕೇಸ್ ಸ್ಟಡಿ ವರದಿಯಲ್ಲಿ ಅನುಪಾತಗಳನ್ನು ಓದುವ ಬಗೆ

ಎಂ.ಕಾಂ, ಎಂಬಿಎ ವಿದ್ಯಾರ್ಥಿಗಳ ಕೇಸ್ ಸ್ಟಡಿ ವರದಿಗಳಲ್ಲಿ ಒಂದು ವಾಕ್ಯ ಸ್ವಲ್ಪ ರೂಪ ಬದಲಿಸಿಕೊಂಡು ಮತ್ತೆ ಮತ್ತೆ ಎದುರಾಗುತ್ತದೆ: “ಕಂಪನಿಯ ಚಾಲ್ತಿ ಅನುಪಾತ 1.6. ಆದರ್ಶ ಅನುಪಾತ 2 ಆಗಿರುವುದರಿಂದ ಕಂಪನಿಯ ದ್ರವ್ಯತೆ ತೃಪ್ತಿಕರವಾಗಿಲ್ಲ.” ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಈ ವಾಕ್ಯವನ್ನು ಯಾವ ಕಂಪನಿಯ ವರದಿಯಲ್ಲಿ ಬೇಕಾದರೂ ಅಂಟಿಸಬಹುದು. ಓದಿದವರಿಗೆ ಆ ಕಂಪನಿಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

ಅನುಪಾತ ಎಂದರೆ ಎರಡು ಅಂಕಿಗಳ ಸಂಬಂಧ. ಹಾಗಾಗಿ ಪ್ರತಿ ಅನುಪಾತಕ್ಕೂ ಎರಡು ಪ್ರಶ್ನೆ ಕೇಳಬೇಕಾಗುತ್ತದೆ. ಮೇಲಿನ ಅಂಕಿಯಲ್ಲಿ, ಕೆಳಗಿನ ಅಂಕಿಯಲ್ಲಿ ಏನೇನು ಸೇರಿದೆ, ಏನು ಬಿಟ್ಟುಹೋಗಿದೆ? ಈ ಉತ್ತರವನ್ನು ಅದೇ ವಾರ್ಷಿಕ ವರದಿಯ ಇನ್ನೊಂದು ಅಂಕಿ ಒಪ್ಪುತ್ತದೆಯೇ? ಈ ಎರಡನ್ನೂ ಕೇಳಿದರೆ ಹೇಗೆ ಅರ್ಥ ಹೊರಡುತ್ತದೆ ಎಂಬುದನ್ನು ಒಂದು ನಿಜವಾದ ಕಂಪನಿಯ ಲೆಕ್ಕಪತ್ರ ಹಿಡಿದು ನೋಡೋಣ. ಪೌಂಡ್‌ನ ಮೊತ್ತಗಳನ್ನು ಓದುವ ಅನುಕೂಲಕ್ಕಾಗಿ ಕೋಟಿಗಳಲ್ಲಿ ಕೊಟ್ಟಿದ್ದೇನೆ.

ಕೇಸ್: ಬ್ರಿಟನ್ನಿನ ಕ್ಯಾರಿಲಿಯನ್

ಕ್ಯಾರಿಲಿಯನ್ ಬ್ರಿಟನ್ನಿನ ದೊಡ್ಡ ಕಟ್ಟಡ ನಿರ್ಮಾಣ ಮತ್ತು ಸೇವಾ ಗುತ್ತಿಗೆ ಕಂಪನಿಗಳಲ್ಲಿ ಒಂದಾಗಿತ್ತು. ಆಸ್ಪತ್ರೆ ಕಟ್ಟುವುದು, ಸರ್ಕಾರಿ ಕಟ್ಟಡಗಳ ನಿರ್ವಹಣೆ, ಶಾಲೆಗಳ ಊಟ, ಜೈಲುಗಳ ದುರಸ್ತಿ, ಎಲ್ಲದಕ್ಕೂ ಅದರ ಗುತ್ತಿಗೆ ಇತ್ತು. 2016ರ ಲೆಕ್ಕಪತ್ರಗಳು 2017ರ ಮಾರ್ಚ್‌ನಲ್ಲಿ ಹೊರಬಂದವು. ಜಂಟಿ ಉದ್ಯಮಗಳ ಪಾಲೂ ಸೇರಿ ವಹಿವಾಟು ಸುಮಾರು 520 ಕೋಟಿ ಪೌಂಡ್, ತೆರಿಗೆಗೆ ಮುಂಚಿನ ಲಾಭ ಸುಮಾರು 14.7 ಕೋಟಿ ಪೌಂಡ್. ಆ ವರ್ಷಕ್ಕೆಂದು ಘೋಷಿಸಿದ ಲಾಭಾಂಶ 7.9 ಕೋಟಿ ಪೌಂಡ್. ಲೆಕ್ಕ ಪರಿಶೋಧಕರು ತಕರಾರು ಎತ್ತಲಿಲ್ಲ.

ನಾಲ್ಕು ತಿಂಗಳು ಕಳೆದವು. 2017ರ ಜುಲೈ 10ರಂದು ಕಂಪನಿಯು ಗುತ್ತಿಗೆಗಳ ಮೌಲ್ಯದಲ್ಲಿ 84.5 ಕೋಟಿ ಪೌಂಡ್ ಕಡಿತ ಮಾಡಬೇಕಾಗಿದೆ ಎಂದು ಪ್ರಕಟಿಸಿತು. 2018ರ ಜನವರಿ 15ರಂದು ಅದು ದಿವಾಳಿಯಾಗಿ ಮುಚ್ಚಿತು. ಆಗ ಕೈಯಲ್ಲಿದ್ದ ನಗದು 2.9 ಕೋಟಿ ಪೌಂಡ್, ತೀರಿಸಬೇಕಾದ ಹೊಣೆ ಸುಮಾರು 700 ಕೋಟಿ ಪೌಂಡ್. ಅದೇ ವರ್ಷ ಬ್ರಿಟಿಷ್ ಸಂಸತ್ತಿನ ಎರಡು ಸಮಿತಿಗಳು ಜಂಟಿಯಾಗಿ ತನಿಖೆ ನಡೆಸಿ ಮೇ ತಿಂಗಳಲ್ಲಿ ವರದಿ ಕೊಟ್ಟವು. ಆ ವರದಿಯಿಂದಾಗಿ ಕಂಪನಿಯ ಒಳಗಿನ ಲೆಕ್ಕ ಇಂದು ಎಲ್ಲರಿಗೂ ಓದಲು ಸಿಗುತ್ತದೆ. ಪಾಠಕ್ಕೆ ಈ ಕೇಸ್ ಒಳ್ಳೆಯದಾಗಿರುವುದಕ್ಕೆ ಇದೇ ಕಾರಣ.

ಕಂಪನಿ ಮುಳುಗಿದ ಮೇಲೆ “ಮೊದಲೇ ಗೊತ್ತಿತ್ತು” ಎನ್ನುವುದು ಸುಲಭ. ಆದ್ದರಿಂದ ನಮ್ಮ ಪ್ರಶ್ನೆಯನ್ನು ಹೀಗೆ ಇಟ್ಟುಕೊಳ್ಳೋಣ: 2017ರ ಮಾರ್ಚ್‌ನಲ್ಲಿ ಆ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಗೆ ಮೂರು ಬಗೆಯ ಅನುಪಾತಗಳು ಏನು ಹೇಳಬಹುದಿತ್ತು?

ದ್ರವ್ಯತೆ: ಆ ಒಂದು ದಿನ ಮತ್ತು ಉಳಿದ ದಿನಗಳು

ಚಾಲ್ತಿ ಅನುಪಾತ ಎಂದರೆ ಚಾಲ್ತಿ ಆಸ್ತಿಯನ್ನು ಚಾಲ್ತಿ ಹೊಣೆಯಿಂದ ಭಾಗಿಸಿದ ಫಲ. ಒಂದು ವರ್ಷದೊಳಗೆ ನಗದಾಗುವ ಆಸ್ತಿಯಿಂದ ಒಂದು ವರ್ಷದೊಳಗೆ ಕೊಡಬೇಕಾದ ಬಾಕಿಯನ್ನು ತೀರಿಸಬಹುದೇ ಎಂಬುದು ಇಲ್ಲಿನ ಪ್ರಶ್ನೆ. ಚಾಲ್ತಿ ಆಸ್ತಿಯಿಂದ ದಾಸ್ತಾನನ್ನು ಕಳೆದು ಲೆಕ್ಕ ಹಾಕಿದರೆ ಕ್ವಿಕ್ ರೇಶಿಯೊ.

ಇಲ್ಲಿ ಮೊದಲು ಕೈಬಿಡಬೇಕಾದದ್ದು “ಆದರ್ಶ 2” ಎಂಬ ಸೂತ್ರವನ್ನು. ಅಳತೆಗೋಲು ಯಾರು, ಯಾತಕ್ಕಾಗಿ ಇಟ್ಟದ್ದು ಎಂದು ತಿಳಿದರೆ ಅದನ್ನು ಎಲ್ಲಿ ಬಳಸಬೇಕೆಂಬುದೂ ತಿಳಿಯುತ್ತದೆ. ಭಾರತದ ಬ್ಯಾಂಕುಗಳಲ್ಲಿ ದೀರ್ಘಕಾಲ ಚಾಲ್ತಿಯಲ್ಲಿದ್ದ 1.33 ಎಂಬ ಅಳತೆ ಟಂಡನ್ ಸಮಿತಿಯ ಎರಡನೇ ವಿಧಾನದಿಂದ ಬಂದದ್ದು. ಚಾಲ್ತಿ ಆಸ್ತಿಯ ಕಾಲು ಭಾಗವನ್ನಾದರೂ ಸಾಲಗಾರ ತನ್ನ ದೀರ್ಘಾವಧಿ ಹಣದಿಂದ ತುಂಬಿಸಬೇಕು ಎಂದರೆ ಉಳಿದ ಮುಕ್ಕಾಲು ಭಾಗ ಚಾಲ್ತಿ ಹೊಣೆ. ನೂರನ್ನು ಎಪ್ಪತ್ತೈದರಿಂದ ಭಾಗಿಸಿದರೆ 1.33. ಕಾರ್ಖಾನೆಗೆ ದುಡಿಯುವ ಬಂಡವಾಳ ಕೊಡುವ ಬ್ಯಾಂಕಿನ ಕಣ್ಣಿಗೆ ಅದು ಸರಿ. ಆದರೆ ಸರಕನ್ನು ದಿನವೂ ನಗದಿಗೆ ಮಾರಿ ಪೂರೈಕೆದಾರರಿಗೆ ತಿಂಗಳು ಬಿಟ್ಟು ಹಣ ಕೊಡುವ ವಾಲ್‌ಮಾರ್ಟ್‌ನಂಥ ಕಂಪನಿ 1ಕ್ಕಿಂತ ಕಡಿಮೆ ಅನುಪಾತದಲ್ಲೇ ವರ್ಷಗಟ್ಟಲೆ ನೆಮ್ಮದಿಯಾಗಿ ನಡೆಯುತ್ತದೆ. ಅದೇ 0.9 ಗುತ್ತಿಗೆ ಕಂಪನಿಯಲ್ಲಿ ಕಂಡರೆ ಗಾಬರಿಪಡಬೇಕು. ಅಲ್ಲಿ ಕೆಲಸ ಮುಗಿಸಿ, ಅಳತೆ ಬರೆಸಿ, ಗ್ರಾಹಕರ ಒಪ್ಪಿಗೆ ಪಡೆದು ಹಣ ಬರಲು ತಿಂಗಳುಗಳೇ ಹಿಡಿಯುತ್ತವೆ.

ಎರಡನೆಯ ಮಾತು ದಿನಾಂಕದ್ದು. ಆಸ್ತಿ-ಹೊಣೆ ಪಟ್ಟಿ ವರ್ಷದ ಕೊನೆಯ ಒಂದು ದಿನದ ಚಿತ್ರ. ಆ ಒಂದು ದಿನವನ್ನು ಚೆನ್ನಾಗಿ ಕಾಣಿಸುವುದು ಕಷ್ಟವಲ್ಲ. ಚಾಲ್ತಿ ಆಸ್ತಿ 150, ಚಾಲ್ತಿ ಹೊಣೆ 100 ಇರುವ ಕಂಪನಿಯ ಅನುಪಾತ 1.5. ಮಾರ್ಚ್ 30ರಂದು 50ರಷ್ಟು ನಗದು ಕೊಟ್ಟು ಬಾಕಿ ತೀರಿಸಿದರೆ ಆಸ್ತಿ 100, ಹೊಣೆ 50, ಅನುಪಾತ 2. ಏಪ್ರಿಲ್ ಮೊದಲ ವಾರದಲ್ಲಿ ಮತ್ತೆ ಸಾಲ ತೆಗೆದರೆ ಹಳೆಯ ಸ್ಥಿತಿಗೆ ವಾಪಸ್. ಕಂಪನಿಯ ಶಕ್ತಿ ಎಳ್ಳಷ್ಟೂ ಬದಲಾಗಲಿಲ್ಲ, ಅನುಪಾತ ಮಾತ್ರ ಏರಿತು.

ಕ್ಯಾರಿಲಿಯನ್‌ನಲ್ಲಿ ಈ ಅಂತರ ಕಣ್ಣಿಗೆ ಹೊಡೆಯುವಂತಿತ್ತು. 2016ರ ಡಿಸೆಂಬರ್ ಅಂತ್ಯಕ್ಕೆ ನಿವ್ವಳ ಸಾಲ, ಅಂದರೆ ಸಾಲದಿಂದ ಕೈಯಲ್ಲಿರುವ ನಗದು ಕಳೆದ ಮೊತ್ತ, 21.9 ಕೋಟಿ ಪೌಂಡ್. ಆದರೆ ಇಡೀ ವರ್ಷದ ಸರಾಸರಿ ನಿವ್ವಳ ಸಾಲ 58.7 ಕೋಟಿ ಪೌಂಡ್. ಇದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಎರಡು ಅಂಕಿಗಳನ್ನೂ ಕಂಪನಿಯೇ ಪ್ರಕಟಿಸಿತ್ತು. ವರ್ಷದ ಕೊನೆಯ ದಿನದ ಸಾಲಕ್ಕಿಂತ ಸರಾಸರಿ ಸಾಲ ಎರಡೂವರೆ ಪಟ್ಟಿಗೂ ಹೆಚ್ಚು ಎಂದರೆ, ಆ ದಿನದ ಅಂಕಿಗಳ ಮೇಲೆ ನಿಂತ ಯಾವ ದ್ರವ್ಯತೆ ಅನುಪಾತವನ್ನೂ ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ.

ಭಾರತದ ಕಂಪನಿಗಳು ಸರಾಸರಿ ಸಾಲವನ್ನು ಹೀಗೆ ಹೇಳುವುದು ಅಪರೂಪ. ಆಗ ಒಂದು ಸುಲಭದ ತಾಳೆ ಇದೆ. ಲಾಭ-ನಷ್ಟ ಪಟ್ಟಿಯಲ್ಲಿರುವ ಬಡ್ಡಿ ವೆಚ್ಚವನ್ನು ವರ್ಷಾಂತ್ಯದ ಸಾಲದಿಂದ ಭಾಗಿಸಿ. ಬ್ಯಾಂಕ್ ಬಡ್ಡಿ ದರ 10 ಪ್ರತಿಶತದ ಆಸುಪಾಸು ಇರುವಾಗ ಉತ್ತರ 20 ಪ್ರತಿಶತ ಬಂದರೆ, ವರ್ಷದ ನಡುವೆ ಸಾಲ ಇದರ ಎರಡರಷ್ಟಿತ್ತೇನೋ ಎಂದು ಅನುಮಾನಿಸಬೇಕು. ಟಿಪ್ಪಣಿಗಳನ್ನು ಓದಿ ಆ ಅನುಮಾನಕ್ಕೆ ಬೇರೆ ಕಾರಣ ಇದೆಯೇ ಎಂದೂ ನೋಡಬೇಕು. ಬಡ್ಡಿ ವೆಚ್ಚದಲ್ಲಿ ಬ್ಯಾಂಕ್ ಶುಲ್ಕ, ಲೀಸ್ ಆಸ್ತಿಗಳ ಬಡ್ಡಿ ಸೇರಿರಬಹುದು.

ಬಾಕಿಯ ಸಾಲಿನಲ್ಲಿ ಅಡಗಿದ ಸಾಲ

ಗುತ್ತಿಗೆ ಕಂಪನಿಯ ನಗದು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಪೂರೈಕೆದಾರರಿಗೆ ಎಷ್ಟು ದಿನ ಬಿಟ್ಟು ಹಣ ಕೊಡುತ್ತಿದೆ ಎಂದು ನೋಡಬೇಕು. ಪೂರೈಕೆದಾರರ ಬಾಕಿಯನ್ನು ವರ್ಷದ ಖರೀದಿಯಿಂದ ಭಾಗಿಸಿ 365ರಿಂದ ಗುಣಿಸಿದರೆ ಆ ದಿನಗಳು ಸಿಗುತ್ತವೆ. ಕ್ಯಾರಿಲಿಯನ್‌ನ ಸಾಮಾನ್ಯ ಷರತ್ತು 120 ದಿನ. ಅಷ್ಟು ದಿನ ಕಾಯಲಾಗದ ಸಣ್ಣ ಗುತ್ತಿಗೆದಾರರಿಗೆ 2013ರಿಂದ ಇನ್ನೊಂದು ದಾರಿ ಇತ್ತು. ಕಂಪನಿ ಒಪ್ಪಿದ ಬಿಲ್ಲನ್ನು ಬ್ಯಾಂಕಿಗೆ ತೋರಿಸಿ, ಸ್ವಲ್ಪ ಮೊತ್ತ ಮುರಿದುಕೊಂಡು, ಬೇಗ ಹಣ ಪಡೆಯಬಹುದಿತ್ತು. ಕ್ಯಾರಿಲಿಯನ್ ಅದನ್ನು ಅವಧಿ ಮುಗಿದಾಗ ಬ್ಯಾಂಕಿಗೆ ಕೊಡುತ್ತಿತ್ತು.

ಹಾಗಾದರೆ ಆ ಹಣ ಯಾರಿಗೆ ಬಾಕಿ? ಪೂರೈಕೆದಾರನಿಗೆ ಹಣ ಸಂದಾಯವಾಗಿದೆ. ಈಗ ಕಂಪನಿ ಬ್ಯಾಂಕಿಗೆ ಕೊಡಬೇಕು. ಆದರೂ ಲೆಕ್ಕದಲ್ಲಿ ಅದು “ಇತರ ಸಾಲಿಗರು” ಎಂಬ ಸಾಲಿನಲ್ಲಿ ಕೂತಿತ್ತು, ಬ್ಯಾಂಕ್ ಸಾಲದ ಸಾಲಿನಲ್ಲಿ ಅಲ್ಲ. ಹೀಗೆ ತಪ್ಪು ಸಾಲಿನಲ್ಲಿ ಸೇರಿದ ಮೊತ್ತ 49.8 ಕೋಟಿ ಪೌಂಡ್‌ವರೆಗೆ ಇರಬಹುದು ಎಂದು ರೇಟಿಂಗ್ ಸಂಸ್ಥೆಗಳು ಆಮೇಲೆ ಹೇಳಿದವು.

ಅನುಪಾತಗಳ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಬಾಕಿ ಎಂದು ಬರೆದರೂ ಅಲ್ಪಾವಧಿ ಬ್ಯಾಂಕ್ ಸಾಲ ಎಂದು ಬರೆದರೂ ಈ ಮೊತ್ತ ಚಾಲ್ತಿ ಹೊಣೆಯೊಳಗೇ ಇರುತ್ತದೆ. ಆದ್ದರಿಂದ ಚಾಲ್ತಿ ಅನುಪಾತ ಒಂದಿಷ್ಟೂ ಅಲುಗಾಡುವುದಿಲ್ಲ. ಬದಲಾಗುವುದು ಎರಡು ಕಡೆ. ಸಾಲ-ಬಂಡವಾಳ ಅನುಪಾತ ಕಡಿಮೆ ಕಾಣುತ್ತದೆ. ನಗದು ಹರಿವಿನ ಪಟ್ಟಿಯಲ್ಲಿ ಈ ಹಣ ಸಾಲದಿಂದ ಬಂದದ್ದು ಎನ್ನುವ ಬದಲು ವ್ಯಾಪಾರದಿಂದ ಬಂದದ್ದು ಎಂದು ಕಾಣುತ್ತದೆ. ದ್ರವ್ಯತೆ ಅನುಪಾತ ಒಂದನ್ನೇ ನೋಡಿದವರಿಗೆ ಇದು ಕಾಣಸಿಗದು. ಪೂರೈಕೆದಾರರ ಬಾಕಿ ಮತ್ತು “ಇತರ” ಬಾಕಿ ಎರಡೂ ವಹಿವಾಟಿಗಿಂತ ವೇಗವಾಗಿ ಬೆಳೆಯುತ್ತಿವೆಯೇ ಎಂದು ಮೂರ್ನಾಲ್ಕು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮಾತ್ರ ಸುಳಿವು ಸಿಗುತ್ತದೆ.

ಈ ಬಗೆಯ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಬಹಿರಂಗಪಡಿಸಬೇಕೆಂದು ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮಂಡಳಿ 2023ರ ಮೇ ತಿಂಗಳಲ್ಲಿ ನಿಯಮ ತಿದ್ದಿತು. ಅದು 2024ರ ಜನವರಿ 1ರಿಂದ ಶುರುವಾದ ಲೆಕ್ಕವರ್ಷಗಳಿಗೆ ಅನ್ವಯಿಸುತ್ತದೆ. ಅದಕ್ಕೂ ಹಿಂದಿನ ವರ್ಷಗಳನ್ನು ಅಧ್ಯಯನ ಮಾಡುವವರು ಟಿಪ್ಪಣಿಗಳನ್ನು ತಾವೇ ಜಾಲಾಡಬೇಕು.

ಲಾಭದಾಯಕತೆ: ಶೇಕಡಾ 20 ಎಲ್ಲಿಂದ ಬಂತು?

ಲಾಭದ ಅನುಪಾತಗಳಲ್ಲಿ ಎರಡು ಕುಟುಂಬ. ವಹಿವಾಟಿನ ಮೇಲೆ ಲೆಕ್ಕ ಹಾಕುವುದು ಒಂದು, ಹೂಡಿದ ಬಂಡವಾಳದ ಮೇಲೆ ಲೆಕ್ಕ ಹಾಕುವುದು ಇನ್ನೊಂದು. ಬಹಳ ವರದಿಗಳು ಇವೆರಡನ್ನೂ ಬೇರೆ ಬೇರೆ ಪ್ಯಾರಾಗಳಲ್ಲಿ ಬರೆದು ಸುಮ್ಮನಾಗುತ್ತವೆ. ಅವುಗಳ ನಡುವಿನ ಕೊಂಡಿಯಲ್ಲೇ ಅರ್ಥ ಇರುವುದು.

ಕ್ಯಾರಿಲಿಯನ್‌ನ 14.7 ಕೋಟಿ ಲಾಭವನ್ನು 520 ಕೋಟಿ ವಹಿವಾಟಿನಿಂದ ಭಾಗಿಸಿದರೆ ಶೇ 2.8. ಅಂದರೆ ನೂರು ಪೌಂಡ್ ಕೆಲಸಕ್ಕೆ ಮೂರು ಪೌಂಡೂ ಉಳಿಯದು. ಈಗ ಅದೇ ಲಾಭವನ್ನು ಷೇರುದಾರರ ಸ್ವಂತ ಬಂಡವಾಳವಾದ ಸುಮಾರು 73 ಕೋಟಿಯಿಂದ ಭಾಗಿಸಿ. ಶೇ 20. ತೆರಿಗೆಗೆ ಮುಂಚಿನ ಅಂಕಿಯೇ ಇರಲಿ, ಶೇ 20 ಪ್ರತಿಫಲ ಎಂದರೆ ಯಾವ ವಿದ್ಯಾರ್ಥಿಯೂ “ಉತ್ತಮ” ಎಂದು ಬರೆದುಬಿಡುತ್ತಾನೆ.

ಶೇ 2.8 ಹೇಗೆ ಶೇ 20 ಆಯಿತು? 520 ಕೋಟಿ ವಹಿವಾಟನ್ನು 73 ಕೋಟಿ ಸ್ವಂತ ಬಂಡವಾಳದಿಂದ ಭಾಗಿಸಿದರೆ 7.1. ಸ್ವಂತದ ಒಂದು ಪೌಂಡಿನ ಮೇಲೆ ಏಳು ಪೌಂಡಿಗೂ ಮಿಗಿಲಾದ ಕೆಲಸ ಹೊತ್ತಿದ್ದಾರೆ. 2.8ನ್ನು 7.1ರಿಂದ ಗುಣಿಸಿದರೆ 20. ಡ್ಯೂಪಾಂಟ್ ವಿಧಾನದ ತಿರುಳು ಇದೇ. ಪ್ರತಿಫಲವನ್ನು ಅದರ ಅಂಗಗಳಾಗಿ ಬಿಡಿಸಿ, ಯಾವ ಅಂಗ ಭಾರ ಹೊತ್ತಿದೆ ಎಂದು ನೋಡುವುದು. ಕ್ಯಾರಿಲಿಯನ್‌ನಲ್ಲಿ ಭಾರ ಹೊತ್ತಿದ್ದು ಲಾಭದ ಅಂಚಲ್ಲ. ಬಂಡವಾಳ ತೆಳ್ಳಗಿದ್ದದ್ದರಿಂದ ಪ್ರತಿಫಲ ದಪ್ಪ ಕಂಡಿತು. ಈ ಒಂದು ಗುಣಾಕಾರ ಲಾಭದಾಯಕತೆಯ ಪ್ಯಾರಾವನ್ನು ಸಾಲದ ಪ್ಯಾರಾಕ್ಕೆ ಹೊಲಿಯುತ್ತದೆ.

ಅಂಚು ತೆಳುವಾದಾಗ ಅಂದಾಜಿನ ತಪ್ಪಿಗೆ ಜಾಗವೇ ಉಳಿಯುವುದಿಲ್ಲ. ಗುತ್ತಿಗೆ ಕಂಪನಿಯಲ್ಲಿ ಲಾಭ ಎನ್ನುವುದು ಬಹುಮಟ್ಟಿಗೆ ಅಂದಾಜೇ. ಎಷ್ಟು ಕೆಲಸ ಮುಗಿದಿದೆ, ಒಟ್ಟು ವೆಚ್ಚ ಎಷ್ಟಾದೀತು, ಹೆಚ್ಚುವರಿ ಕೆಲಸದ ಹಣವನ್ನು ಗ್ರಾಹಕ ಒಪ್ಪುತ್ತಾನೆಯೇ ಎಂಬುದರ ಮೇಲೆ ಈ ವರ್ಷದ ಆದಾಯ ನಿಂತಿರುತ್ತದೆ. ಜುಲೈನಲ್ಲಿ ಕಡಿತಗೊಂಡ 84.5 ಕೋಟಿ ಪೌಂಡ್ 2016ರ ವಹಿವಾಟಿನ ಆರನೇ ಒಂದು ಭಾಗದಷ್ಟೂ ಇಲ್ಲ. ಆದರೆ ಅದು 2016ರ ಲಾಭದ ಐದೂಮುಕ್ಕಾಲು ಪಟ್ಟು, ಇಡೀ ಸ್ವಂತ ಬಂಡವಾಳಕ್ಕಿಂತ ಹೆಚ್ಚು. ವರದಿಯಲ್ಲಿ ಹೀಗೊಂದು ಲೆಕ್ಕ ಸೇರಿಸಿ: ಅಂದಾಜು ಆದಾಯದಲ್ಲಿ ಶೇ 3ರಷ್ಟು ಕೈಗೆ ಬಾರದೆ ಹೋದರೆ ಲಾಭ ಎಷ್ಟು ಉಳಿಯುತ್ತದೆ? ಕ್ಯಾರಿಲಿಯನ್‌ಗೆ ಉತ್ತರ ಸೊನ್ನೆಗಿಂತ ಕೆಳಗೆ.

ಲಾಭದ ಅಂಕಿಯನ್ನು ತಾಳೆ ನೋಡಲು ನಗದಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಂದು ವರ್ಷದ ನಗದು ಹರಿವು ಏರುಪೇರಾಗುವುದು ಸಹಜ. ಆದ್ದರಿಂದ ಐದು ವರ್ಷಗಳನ್ನು ಕೂಡಿ ನೋಡಬೇಕು. 2016ಕ್ಕೆ ಕೊನೆಗೊಂಡ ಐದು ವರ್ಷಗಳಲ್ಲಿ ಕ್ಯಾರಿಲಿಯನ್‌ನ ವ್ಯವಹಾರದಿಂದ ಬಂದ ನಿವ್ವಳ ನಗದು 15.9 ಕೋಟಿ ಪೌಂಡ್, ಹಂಚಿದ ಲಾಭಾಂಶ 37.6 ಕೋಟಿ ಪೌಂಡ್. ಗಳಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹಂಚಿದ್ದಾರೆ. ವ್ಯತ್ಯಾಸದ ಹಣ ಆಸ್ತಿ ಮಾರಿ ಬರಬೇಕು, ಇಲ್ಲವೇ ಸಾಲ ಮಾಡಿ ಬರಬೇಕು.

ಸಾಲದ ಹೊರೆ: ಒಂದೇ ಕಂಪನಿ, ನಾಲ್ಕು ಉತ್ತರ

ಸಾಲ-ಬಂಡವಾಳ ಅನುಪಾತದ ಸೂತ್ರ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ: ಸಾಲವನ್ನು ಸ್ವಂತ ಬಂಡವಾಳದಿಂದ ಭಾಗಿಸಿ. ಯಾವುದು ಸಾಲ ಎಂಬುದನ್ನು ಮಾತ್ರ ವರದಿ ಬರೆಯುವವರೇ ತೀರ್ಮಾನಿಸಬೇಕು. ಕ್ಯಾರಿಲಿಯನ್‌ನ 73 ಕೋಟಿ ಸ್ವಂತ ಬಂಡವಾಳವನ್ನು ಕೆಳಗೆ ಇಟ್ಟುಕೊಂಡು ಮೇಲಿನ ಅಂಕಿಯನ್ನು ಹಂತಹಂತವಾಗಿ ಬದಲಿಸಿದರೆ ಹೀಗಾಗುತ್ತದೆ:

| ಸಾಲ ಎಂದು ಏನನ್ನು ಎಣಿಸಿದೆ | ಮೊತ್ತ (ಕೋಟಿ ಪೌಂಡ್) | ಅನುಪಾತ |
|---|---|---|
| ವರ್ಷಾಂತ್ಯದ ನಿವ್ವಳ ಸಾಲ | 21.9 | 0.30 |
| ವರ್ಷದ ಸರಾಸರಿ ನಿವ್ವಳ ಸಾಲ | 58.7 | 0.80 |
| ಅದಕ್ಕೆ ಬ್ಯಾಂಕಿನ ಮೂಲಕ ತೀರಿಸಿದ ಪೂರೈಕೆದಾರರ ಬಾಕಿ ಸೇರಿಸಿ | 108.5 | 1.49 |
| ಅದಕ್ಕೆ ಪಿಂಚಣಿ ಕೊರತೆ ಸುಮಾರು 80.5 ಸೇರಿಸಿ | 189.0 | 2.59 |

ಮೊದಲ ಸಾಲು ಓದಿದವರು “ಸಾಲದ ಹೊರೆ ಹಗುರ” ಎನ್ನುತ್ತಾರೆ. ಕೊನೆಯದನ್ನು ಓದಿದವರು ಹಾಗೆ ಹೇಳಲಾರರು. ನಾಲ್ಕರಲ್ಲಿ ಯಾವುದೂ ಸುಳ್ಳಲ್ಲ. ಪಿಂಚಣಿ ಕೊರತೆ ಬ್ಯಾಂಕ್ ಸಾಲದಂತೆ ನಾಳೆಯೇ ಬಾಗಿಲು ಬಡಿಯುವುದಿಲ್ಲ. ಅದನ್ನು ಹಲವು ವರ್ಷಗಳಲ್ಲಿ ಕಂತುಗಳಾಗಿ ತುಂಬಬಹುದು. ಆದ್ದರಿಂದ ಅದನ್ನು ಸೇರಿಸಿದ ಅಂಕಿಯನ್ನು ಬೇರೆಯಾಗಿ ತೋರಿಸಬೇಕೇ ಹೊರತು ಬೆರೆಸಿಬಿಡಬಾರದು. ಮೂರನೇ ಸಾಲಿನ 49.8 ಕೋಟಿಯೂ ಗರಿಷ್ಠ ಅಂದಾಜು, 2017ರ ಮಾರ್ಚ್‌ನಲ್ಲಿ ಹೊರಗಿನವರಿಗೆ ಖಚಿತವಾಗಿ ತಿಳಿದಿರದ ಮೊತ್ತ. ಅದನ್ನೂ ವರದಿಯಲ್ಲಿ ಹೇಳಬೇಕು. ಆದರೆ ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಬೇಕಾದ ಸರಾಸರಿ ಸಾಲ ಮತ್ತು ಪಿಂಚಣಿ ಅಂಕಿ ಅಂದೇ ಲಭ್ಯವಿದ್ದವು.

ಇನ್ನು ಕೆಳಗಿನ ಅಂಕಿ. 73 ಕೋಟಿ ಸ್ವಂತ ಬಂಡವಾಳದ ಎದುರು ಆಸ್ತಿಗಳ ಪಟ್ಟಿಯಲ್ಲಿ ಗುಡ್‌ವಿಲ್ 157 ಕೋಟಿ ಪೌಂಡ್ ಇತ್ತು. ಬೇರೆ ಕಂಪನಿಗಳನ್ನು ಕೊಳ್ಳುವಾಗ ಅವುಗಳ ನಿವ್ವಳ ಆಸ್ತಿಯ ಬೆಲೆಗಿಂತ ಹೆಚ್ಚಾಗಿ ಕೊಟ್ಟ ಹಣ ಅದು. ಕ್ಯಾರಿಲಿಯನ್ 2006ರಲ್ಲಿ ಮೌಲೆಮ್, 2008ರಲ್ಲಿ ಆಲ್‌ಫ್ರೆಡ್ ಮ್ಯಾಕ್‌ಆಲ್ಪೈನ್, 2011ರಲ್ಲಿ ಈಗಾ ಕಂಪನಿಗಳನ್ನು ಕೊಂಡಿತ್ತು. ಗುಡ್‌ವಿಲ್ ಕಳೆದರೆ ಸ್ವಂತ ಬಂಡವಾಳ ಮೈನಸ್ 84 ಕೋಟಿ. ಅಲ್ಲಿಗೆ ಸಾಲ-ಬಂಡವಾಳ ಅನುಪಾತಕ್ಕೆ ಅರ್ಥವೇ ಉಳಿಯದು. ಋಣ ಸಂಖ್ಯೆಯಿಂದ ಭಾಗಿಸಿ ಬಂದ ಉತ್ತರವನ್ನು ವರದಿಯಲ್ಲಿ ಬರೆಯಬಾರದು. “ಗುಡ್‌ವಿಲ್ ಹೊರತುಪಡಿಸಿದ ಸ್ವಂತ ಬಂಡವಾಳ ಋಣಾತ್ಮಕ” ಎಂದಷ್ಟೇ ಬರೆಯಬೇಕು. 2017ರ ಜೂನ್ ಅಂತ್ಯದ ಅರ್ಧವಾರ್ಷಿಕ ಲೆಕ್ಕದಲ್ಲಿ ಗುಡ್‌ವಿಲ್ ಸೇರಿಯೂ ಕಂಪನಿಯ ಸ್ವಂತ ಬಂಡವಾಳ ಮೈನಸ್ 40.5 ಕೋಟಿಗೆ ಇಳಿದಿತ್ತು.

ಗುಡ್‌ವಿಲ್ ಇದ್ದ ಮಾತ್ರಕ್ಕೆ ಅಪಾಯವೇ?

ಅಲ್ಲ. ಹಿಂದೂಸ್ತಾನ್ ಯೂನಿಲಿವರ್ ಇದಕ್ಕೆ ಒಳ್ಳೆಯ ಎದುರು ಉದಾಹರಣೆ. 2019-20ರಲ್ಲಿ ಕಂಪನಿಯ ನಿವ್ವಳ ಲಾಭ 6,738 ಕೋಟಿ ರೂಪಾಯಿ, ವರ್ಷಾಂತ್ಯದ ಸ್ವಂತ ಬಂಡವಾಳ ಸುಮಾರು 8,000 ಕೋಟಿ. ಪ್ರತಿಫಲ ಶೇ 84ರ ಆಸುಪಾಸು. ಮರುವರ್ಷ ಲಾಭ 7,954 ಕೋಟಿಗೆ ಏರಿತು, ಪ್ರತಿಫಲ ಮಾತ್ರ ಶೇ 17ಕ್ಕೆ ಕುಸಿಯಿತು. ಏನಾಯಿತು? 2020ರ ಏಪ್ರಿಲ್ 1ರಿಂದ ಹಾರ್ಲಿಕ್ಸ್ ತಯಾರಿಸುತ್ತಿದ್ದ ಜಿಎಸ್‌ಕೆ ಕನ್ಸ್ಯೂಮರ್ ಹೆಲ್ತ್‌ಕೇರ್ ಅದರಲ್ಲಿ ವಿಲೀನವಾಯಿತು. ಅದಕ್ಕಾಗಿ ಹೊಸ ಷೇರು ಕೊಟ್ಟರು. ಆಸ್ತಿಯ ಕಡೆ ಬ್ರ್ಯಾಂಡ್ ಮೌಲ್ಯ, ಗುಡ್‌ವಿಲ್ ಸೇರಿದವು. ಸ್ವಂತ ಬಂಡವಾಳ ಸುಮಾರು 47,400 ಕೋಟಿ ಆಯಿತು.

ಇಲ್ಲಿ ಅನುಪಾತ ಕುಸಿದದ್ದು ಛೇದ ಹಿಗ್ಗಿದ್ದರಿಂದ. ವ್ಯಾಪಾರ ಕೆಟ್ಟದ್ದಕ್ಕೆ ಇದು ಸಾಕ್ಷಿಯಲ್ಲ. ಸೂತ್ರದ ಆಯ್ಕೆಯೂ ಇಲ್ಲಿ ಮುಖ್ಯ. ವರ್ಷಾರಂಭ ಮತ್ತು ವರ್ಷಾಂತ್ಯದ ಸರಾಸರಿ ಬಂಡವಾಳದಿಂದ ಭಾಗಿಸಿದರೆ ಅದೇ ಪ್ರತಿಫಲ ಸುಮಾರು ಶೇ 29 ಬರುತ್ತದೆ. ಸಾಮಾನ್ಯವಾಗಿ ಸರಾಸರಿಯೇ ಉತ್ತಮ ವಿಧಾನ. ಆದರೆ ವಿಲೀನ ವರ್ಷದ ಮೊದಲ ದಿನವೇ ಜಾರಿಗೆ ಬಂದದ್ದರಿಂದ ಇಡೀ ವರ್ಷ ದುಡಿದದ್ದು ಹಿಗ್ಗಿದ ಬಂಡವಾಳವೇ. ಇಲ್ಲಿ ಸರಾಸರಿ ದಾರಿ ತಪ್ಪಿಸುತ್ತದೆ. ಯಾವ ಸೂತ್ರ, ಏಕೆ ಎಂದು ಒಂದು ಸಾಲು ಬರೆಯದ ವರದಿಯಲ್ಲಿ 17 ಮತ್ತು 29 ಎರಡೂ ಸರಿ, ಎರಡೂ ತಪ್ಪು.

ಎರಡು ಕಂಪನಿಗಳ ಗುಡ್‌ವಿಲ್ ನಡುವಿನ ವ್ಯತ್ಯಾಸವನ್ನು ಗುರುತಿಸುವುದು ನಗದು. ಕೊಂಡ ವ್ಯಾಪಾರ ವರ್ಷವರ್ಷವೂ ಹಣ ತರುತ್ತಿದ್ದರೆ ಗುಡ್‌ವಿಲ್‌ಗೆ ಆಧಾರವಿದೆ. ಕ್ಯಾರಿಲಿಯನ್‌ನ ಐದು ವರ್ಷಗಳ ನಗದು ಆ ಆಧಾರ ಕೊಡಲಿಲ್ಲ.

ಭಾರತದ ಕಂಪನಿಯಾದರೆ ಎಲ್ಲಿ ಹುಡುಕಬೇಕು

2013ರ ಕಂಪನಿ ಕಾಯ್ದೆಯ ಮೂರನೇ ಷೆಡ್ಯೂಲ್‌ಗೆ 2021ರ ಮಾರ್ಚ್‌ನಲ್ಲಿ ಆದ ತಿದ್ದುಪಡಿ ವಿದ್ಯಾರ್ಥಿಗಳ ಕೆಲಸವನ್ನು ಅರ್ಧ ಹಗುರ ಮಾಡಿದೆ. ಚಾಲ್ತಿ ಅನುಪಾತ, ಸಾಲ-ಬಂಡವಾಳ ಅನುಪಾತ, ಸಾಲ ಮರುಪಾವತಿ ಸಾಮರ್ಥ್ಯ, ಸ್ವಂತ ಬಂಡವಾಳದ ಪ್ರತಿಫಲ ಸೇರಿ ಹನ್ನೊಂದು ಅನುಪಾತಗಳನ್ನು ಕಂಪನಿಯೇ ಟಿಪ್ಪಣಿಗಳಲ್ಲಿ ಕೊಡಬೇಕು. ಅಂಶದಲ್ಲಿ, ಛೇದದಲ್ಲಿ ಏನನ್ನು ಸೇರಿಸಿದೆ ಎಂದು ಹೇಳಬೇಕು. ಹಿಂದಿನ ವರ್ಷಕ್ಕಿಂತ ಶೇ 25ಕ್ಕೂ ಹೆಚ್ಚು ಬದಲಾದರೆ ಕಾರಣವನ್ನೂ ಕೊಡಬೇಕು.

ಆ ಕಾರಣದ ಅಂಕಣವನ್ನು ನಕಲು ಮಾಡುವುದಕ್ಕಿಂತ ಪರೀಕ್ಷಿಸುವುದು ಲೇಸು. “ದುಡಿಯುವ ಬಂಡವಾಳದ ಉತ್ತಮ ನಿರ್ವಹಣೆಯಿಂದ ಸುಧಾರಣೆ” ಎಂದು ಬರೆದಿದ್ದರೆ, ಅದೇ ಟಿಪ್ಪಣಿಗಳಲ್ಲಿ ಕೊಡಬೇಕಾದ ವಯೋವಾರು ಬಾಕಿ ಪಟ್ಟಿಗೆ ಹೋಗಿ. ಗ್ರಾಹಕರಿಂದ ಬರಬೇಕಾದ ಹಣ ಮತ್ತು ಪೂರೈಕೆದಾರರಿಗೆ ಕೊಡಬೇಕಾದ ಹಣ ಎರಡನ್ನೂ ಎಷ್ಟು ಕಾಲದಿಂದ ಬಾಕಿ ಎಂದು ವಿಂಗಡಿಸಿ ಅಲ್ಲಿ ಕೊಟ್ಟಿರುತ್ತಾರೆ. ಸಣ್ಣ ಉದ್ಯಮಗಳ ಬಾಕಿ ಬೇರೆಯಾಗಿಯೇ ಇರುತ್ತದೆ. ಒಂದು ವರ್ಷ ದಾಟಿದ ಬಾಕಿ ಹೆಚ್ಚಾಗಿದ್ದರೆ, ಆ “ಉತ್ತಮ ನಿರ್ವಹಣೆ” ಪೂರೈಕೆದಾರರನ್ನು ಕಾಯಿಸಿ ಪಡೆದದ್ದು ಎಂದಾಯಿತು.

ವರದಿಯಲ್ಲಿ ಬರೆಯುವುದು ಹೇಗೆ

ಮೂರು ವರ್ಷಗಳ ಅನುಪಾತಗಳ ಒಂದು ಪಟ್ಟಿ, ಸಾಧ್ಯವಾದರೆ ಅದೇ ಬಗೆಯ ವ್ಯಾಪಾರದ ಇನ್ನೊಂದು ಕಂಪನಿಯ ಅಂಕಿ, ಪಟ್ಟಿಯ ಕೆಳಗೆ ಬಳಸಿದ ಸೂತ್ರಗಳು. ಇಷ್ಟು ಸಾಕು. ಇಪ್ಪತ್ತು ಅನುಪಾತಗಳನ್ನು ತುಂಬಿಸಬೇಕಿಲ್ಲ. ನಂತರದ ಪ್ರತಿ ಪ್ಯಾರಾದಲ್ಲಿ ಅಂಕಿ, ಅದು ಹಾಗಾಗಲು ಕಾರಣ, ಅದನ್ನು ಬೆಂಬಲಿಸುವ ಅಥವಾ ಅಲ್ಲಗಳೆಯುವ ಇನ್ನೊಂದು ಅಂಕಿ, ಕೊನೆಗೆ ಕೇಸ್‌ನ ಮುಖ್ಯ ಪ್ರಶ್ನೆಗೆ ಅದರ ಸಂಬಂಧ ಬರಬೇಕು. ಬ್ಯಾಂಕ್ ಸಾಲ ಕೊಡಬೇಕೇ ಎಂಬುದು ಪ್ರಶ್ನೆಯಾದರೆ ದ್ರವ್ಯತೆ ಮತ್ತು ಸಾಲದ ಹೊರೆಗೆ ಹೆಚ್ಚು ಜಾಗ. ಷೇರು ಕೊಳ್ಳಬೇಕೇ ಎಂಬುದಾದರೆ ಪ್ರತಿಫಲದ ಅಂಗಗಳಿಗೆ.

ಕ್ಯಾರಿಲಿಯನ್ ಬಗ್ಗೆ ಹೀಗೆ ಬರೆದರೆ ಅದು ಪಟ್ಟಿಯ ಓದು ಅಷ್ಟೇ: “ಸ್ವಂತ ಬಂಡವಾಳದ ಪ್ರತಿಫಲ ಶೇ 20, ಸಾಲ-ಬಂಡವಾಳ ಅನುಪಾತ 0.30. ಎರಡೂ ತೃಪ್ತಿಕರ.”

ಅದೇ ಅಂಕಿಗಳನ್ನು ಅರ್ಥೈಸಿ ಬರೆದರೆ ಹೀಗಾಗುತ್ತದೆ:

“ತೆರಿಗೆಗೆ ಮುಂಚಿನ ಪ್ರತಿಫಲ ಶೇ 20 ಇದ್ದರೂ ಲಾಭದ ಅಂಚು ಶೇ 2.8 ಮಾತ್ರ. ಸ್ವಂತ ಬಂಡವಾಳದ ಏಳು ಪಟ್ಟು ವಹಿವಾಟು ಹೊತ್ತದ್ದರಿಂದ ಪ್ರತಿಫಲ ಹೆಚ್ಚು ಕಾಣುತ್ತಿದೆ. ವರ್ಷಾಂತ್ಯದ ಸಾಲದ ಮೇಲೆ ಸಾಲ-ಬಂಡವಾಳ ಅನುಪಾತ 0.30, ಸರಾಸರಿ ಸಾಲದ ಮೇಲೆ 0.80. ಹಾಗಾಗಿ ವರ್ಷಾಂತ್ಯದ ಅಂಕಿಯನ್ನು ನಾವು ಆಧಾರವಾಗಿ ಬಳಸಿಲ್ಲ. ಗುಡ್‌ವಿಲ್ ಕಳೆದರೆ ಸ್ವಂತ ಬಂಡವಾಳ ಋಣಾತ್ಮಕ. ಐದು ವರ್ಷಗಳಲ್ಲಿ ಹಂಚಿದ ಲಾಭಾಂಶ ವ್ಯವಹಾರದ ನಗದಿನ ಎರಡು ಪಟ್ಟಿಗೂ ಮಿಕ್ಕಿದೆ. ಗುತ್ತಿಗೆ ಆದಾಯದ ಅಂದಾಜು ಶೇ 3ರಷ್ಟು ತಪ್ಪಿದರೂ ಲಾಭ ಅಳಿಸಿಹೋಗುತ್ತದೆ, ಅದನ್ನು ತಡೆದುಕೊಳ್ಳುವ ಬಂಡವಾಳ ಕಂಪನಿಯಲ್ಲಿಲ್ಲ.”

ಈ ಪ್ಯಾರಾದಲ್ಲಿ ಕಂಪನಿ ಮುಳುಗುತ್ತದೆ ಎಂಬ ಭವಿಷ್ಯವಾಣಿ ಇಲ್ಲ, ಇರಲೂಬಾರದು. ಯಾವ ಗುತ್ತಿಗೆಯಲ್ಲಿ ನಷ್ಟ ಕಾದಿದೆ, ಯಾವ ತಿಂಗಳು ಬ್ಯಾಂಕ್ ಕೈಬಿಡುತ್ತದೆ ಎಂಬುದನ್ನು ಅನುಪಾತಗಳು ಹೇಳಲಾರವು. ಪ್ರಕಟವಾದ ಲೆಕ್ಕವೇ ಸುಳ್ಳಾಗಿದ್ದರೆ ಅನುಪಾತವೂ ಸುಳ್ಳೇ. ಅವು ಹೇಳಬಲ್ಲದ್ದು, ಪೆಟ್ಟು ಬಿದ್ದರೆ ತಾಳುವ ಶಕ್ತಿ ಕಂಪನಿಗೆ ಎಷ್ಟಿದೆ ಎಂಬುದನ್ನು. ಆ ಮಿತಿಯನ್ನು ವರದಿಯ ಅನುಪಾತದ ಭಾಗದಲ್ಲೇ ಎರಡು ಸಾಲಿನಲ್ಲಿ ಬರೆದು, ಶಿಫಾರಸನ್ನು ಅದಕ್ಕೆ ಹೊಂದಿಸಿ. 2017ರ ಮಾರ್ಚ್‌ನಲ್ಲಿ ಕ್ಯಾರಿಲಿಯನ್‌ಗೆ ಸಾಲ ಕೊಡಲು ಹೊರಟ ಬ್ಯಾಂಕಿಗಾಗಿ ಬರೆದ ವರದಿಯಾಗಿದ್ದರೆ ಶಿಫಾರಸು ಹೀಗಿರಬಹುದಿತ್ತು: ಲಾಭಾಂಶ ನಿಲ್ಲಿಸಬೇಕು, ಪ್ರತಿ ತಿಂಗಳ ಸಾಲದ ಅಂಕಿ ಒದಗಿಸಬೇಕು, “ಇತರ ಸಾಲಿಗರು” ಸಾಲಿನ ಪೂರ್ಣ ವಿವರ ಕೊಡಬೇಕು. ಈ ಮೂರಕ್ಕೆ ಒಪ್ಪದಿದ್ದರೆ ಹೊಸ ಸಾಲ ಬೇಡ.